ಗುಂಡುದಾರದ ಪಕ್ಕದಲ್ಲಿ ನಿಂತಾಗ

ನಿಂತವರನ್ನು ಪಕ್ಕದಿಂದ ನೋಡುವುದೆಂದರೆ ನನಗೆ ತುಂಬ ಪ್ರೀತಿ. ಮೇರಿಲ್ಯಾಂಡಿನ ನಮ್ಮ ಯೋಗದ ಕೋಣೆಯಲ್ಲಿ ಎಲ್ಲರೂ ತಾಡಾಸನಕ್ಕೆ ನಿಂತಾಗ ನನ್ನ ಕಣ್ಣು ಮೊದಲು ಹೋಗುವುದು ಸೊಂಟದೆಲುಬಿನ ಕಡೆಗೆ. ಅದು ತೊಡೆಯ ಕೀಲುಗಳ ಮೇಲೆ ಕೂತ ಬೋಗುಣಿ. ಮುಂದಕ್ಕೆ ವಾಲಿದರೆ ಕೆಳಬೆನ್ನಿನ ಬಾಗು ಆಳವಾಗುತ್ತದೆ, ಹಿಂದಕ್ಕೆ ವಾಲಿದರೆ ಚಪ್ಪಟೆಯಾಗುತ್ತದೆ. ಕೆಳಬೆನ್ನಿನ ಸ್ನಾಯು ಹಿಂಬದಿಯನ್ನು ಮೇಲಕ್ಕೆತ್ತಿ, ತೊಡೆ ಮಡಿಸುವ ಸ್ನಾಯು ಮುಂಬದಿಯನ್ನು ಕೆಳಕ್ಕೆಳೆದರೆ ಅದು ಮುಂದಕ್ಕೆ ವಾಲುತ್ತದೆ. ಹೊಟ್ಟೆಯ ಸ್ನಾಯು ಮುಂಬದಿಯನ್ನು ಎತ್ತಿ, ಪೃಷ್ಠ ಮತ್ತು ತೊಡೆಯ ಹಿಂಬದಿಯ ಸ್ನಾಯುಗಳು ಹಿಂಬದಿಯನ್ನು ಕೆಳಕ್ಕೆಳೆದರೆ ಹಿಂದಕ್ಕೆ.

ಈ ನೋಟವನ್ನು ಶಾಸ್ತ್ರವಾಗಿಸಿದವರು ನಮ್ಮ ನೆರೆಯ ಬಾಲ್ಟಿಮೋರಿನ ಹೆನ್ರಿ ಮತ್ತು ಫ್ಲಾರೆನ್ಸ್ ಕೆಂಡಲ್ ದಂಪತಿ. ಸ್ನಾಯುಗಳ ಪರೀಕ್ಷೆಯ ಕುರಿತ ಅವರ ಪುಸ್ತಕ 1949ರಲ್ಲಿ ಬಂತು. ಅವರ ಸಾಧನ ಗಾರೆಯವರ ಗುಂಡುದಾರ. ಪಕ್ಕದಿಂದ ನೋಡುವಾಗ ಅದನ್ನು ಹೊರಗಣಕಾಲಿನ ತುಸು ಮುಂದಕ್ಕೆ ಹೊಂದಿಸಬೇಕು. ಸರಿಯಾಗಿ ನಿಂತವರಲ್ಲಿ ಅದು ಮಂಡಿಯ ನಡುವಿಗಿಂತ ಚೂರು ಮುಂದೆ, ತೊಡೆಯ ಕೀಲಿಗಿಂತ ಚೂರು ಹಿಂದೆ ಹಾದು, ಭುಜದ ನಡುವಿನಿಂದ ಕಿವಿಯ ಹಾಲೆಗೆ ಹೋಗುತ್ತದೆ.

ಮೈಸೂರಿನಿಂದ ಬಂದ ಅತ್ತಿಗೆಯನ್ನು ಆ ದಾರದ ಪಕ್ಕ ನಿಲ್ಲಿಸಿದೆ. "ನನ್ನ ಬೆನ್ನು ಒಳಗೆ ತುಂಬ ಬಾಗಿದೆಯಂತೆ, ಪೃಷ್ಠ ಒಳಕ್ಕೆಳೆದುಕೊಂಡು ನಿಲ್ಲು ಅಂತಾರೆ" ಅಂದರು. ದಾರ ಬೇರೆಯದನ್ನೇ ತೋರಿಸಿತು. ಸೊಂಟ ದಾರಕ್ಕಿಂತ ಎರಡು ಬೆರಳು ಮುಂದಿತ್ತು, ಎದೆಗೂಡು ಹಿಂದಕ್ಕೆ ವಾಲಿತ್ತು. ಸೊಂಟದ ಮುಂದಿನ ಎರಡು ಉಬ್ಬೆಲುಬುಗಳ ಮೇಲೆ ಬೆರಳಿಟ್ಟಾಗ ಅವು ಹೊಟ್ಟೆಯ ಕೆಳತುದಿಯ ಎಲುಬಿಗಿಂತ ಹಿಂದಿದ್ದವು. ಅಂದರೆ ಬೋಗುಣಿ ಆಗಲೇ ಹಿಂದಕ್ಕೆ ವಾಲಿದೆ, ಕೆಳಬೆನ್ನು ಚಪ್ಪಟೆಯಾಗಿದೆ. ಎದೆ ಹಿಂದೆ ಬಿದ್ದದ್ದರಿಂದ ನೋಡುವವರಿಗೆ ಆಳದ ಬಾಗಿನಂತೆ ಕಾಣುತ್ತಿತ್ತು, ಅಷ್ಟೇ.

ಹೀಗೆ ನಿಲ್ಲುವವರು ತೊಡೆಯ ಕೀಲಿನ ಮುಂದಿನ ಗಟ್ಟಿ ಬಂಧನಿಗೆ ಮೈಭಾರ ಜೋತುಹಾಕಿ ನಿಲ್ಲುತ್ತಾರೆ. ಪೃಷ್ಠದ ಸ್ನಾಯುಗಳಿಗೆ ಕೆಲಸವಿಲ್ಲ. ತೊಡೆ ಮಡಿಸುವ ಸ್ನಾಯು ಉದ್ದವಾಗಿ ಬಲ ಕಳೆದುಕೊಂಡಿರುತ್ತದೆ, ತೊಡೆಯ ಹಿಂಬದಿ ಬಿಗಿದಿರುತ್ತದೆ. ಅಂಥವರಿಗೆ ಪೃಷ್ಠ ಒಳಕ್ಕೆಳೆಯಿರಿ ಎನ್ನುವುದು ಇರುವ ವಾಲುವಿಕೆಯನ್ನೇ ಹೆಚ್ಚಿಸಿದಂತೆ. ತಾಡಾಸನ ಹೇಳಿಕೊಡುವವರೆಲ್ಲ ಇದನ್ನು ತಿಳಿದಿರಬೇಕೆಂದು ನನ್ನ ಗಟ್ಟಿ ಅಭಿಪ್ರಾಯ.

ಅಳತೆಗೂ ಮಿತಿಯಿದೆ. ಎಲುಬಿನ ಆಕಾರ ಒಬ್ಬೊಬ್ಬರದು ಒಂದೊಂದು, ಆದ್ದರಿಂದ ಉಬ್ಬೆಲುಬುಗಳ ಸಾಲು ಒಂದು ಸುಳಿವು ಮಾತ್ರ. ಹೊಟ್ಟೆ ಬಲಹೀನವಾದರೆ ಬಾಗು ಹೆಚ್ಚುತ್ತದೆಂಬ ನಂಬಿಕೆಯನ್ನು ವರ್ಜೀನಿಯಾದ ಸಂಶೋಧಕರು ಪರೀಕ್ಷಿಸಿ 1987ರಲ್ಲಿ ಪ್ರಕಟಿಸಿದರು. ಆರೋಗ್ಯವಂತರಲ್ಲಿ ನಿಂತ ಭಂಗಿಯ ಬಾಗಿಗೂ ಹೊಟ್ಟೆಯ ಬಲಕ್ಕೂ ನಂಟು ಕಾಣಲಿಲ್ಲ. ಸುಮ್ಮನೆ ನಿಂತಾಗ ಈ ಸ್ನಾಯುಗಳು ಮಾಡುವ ಕೆಲಸ ಬಹಳ ಕಡಿಮೆ, ಹಾಗಾಗಿ ಇದು ನನಗೆ ಸಹಜವೆನಿಸುತ್ತದೆ.

ಅತ್ತಿಗೆಗೆ ಹೇಳಿದ್ದು ಒಂದೇ: ಬೆರಳುಗಳ ಮೇಲಿದ್ದ ಭಾರವನ್ನು ಹಿಮ್ಮಡಿಯತ್ತ ತನ್ನಿ, ತೊಡೆಯ ಕೀಲು ಹಿಂದೆ ಸರಿಯಲಿ, ಎದೆ ಅದರ ಮೇಲೆ ಬರಲಿ. ದಾರ ಮತ್ತೆ ನೋಡಿದೆ. ಸೊಂಟ ಅರ್ಧ ಬೆರಳಿನಷ್ಟು ಮಾತ್ರ ಮುಂದಿತ್ತು, ಕೆಳಬೆನ್ನಿನಲ್ಲಿ ಸಣ್ಣ ಬಾಗು ಮೂಡಿತ್ತು. "ಬಿದ್ದುಹೋಗ್ತೀನೇನೋ ಅನ್ಸುತ್ತೆ" ಎಂದರು ಅತ್ತಿಗೆ. ಮೊದಮೊದಲು ಎಲ್ಲರಿಗೂ ಹಾಗನ್ನಿಸುತ್ತದೆ, ಬಂಧನಿಯ ಆಸರೆ ಬಿಟ್ಟು ಪೃಷ್ಠದ ಸ್ನಾಯುಗಳು ಕೆಲಸ ಶುರುಮಾಡುವುದೇ ಆಗ.