ಫೋಟೋ ಹೇಳಿದ್ದು, ಲೋಟ ಹೇಳಿದ್ದು

ಸಾಗರದ ಹತ್ತಿರ ನಮಗೆ ಒಂದು ಎಕರೆ ಗದ್ದೆಯಿದೆ. ಅದರ ಕೆಳಗಿನ ಗದ್ದೆ ನನ್ನ ತಮ್ಮನದು. ಹೋದ ವರ್ಷ ಆಗಸ್ಟ್‌ನಲ್ಲಿ ಮೂರು ದಿನ ಬಿಡದೆ ಗಾಳಿಮಳೆ ಹೊಡೆಯಿತು. ಮಳೆ ನಿಂತು ವಾರವಾಗುವಷ್ಟರಲ್ಲಿ ಒಂದು ಮೂಲೆಯ ಪೈರು ಹಳದಿಯಾಗತೊಡಗಿತು.

ಪೇಟೆಯ ಅಂಗಡಿಯಲ್ಲಿ ಬಾಯಿಮಾತಿನಲ್ಲೇ ವಿಷಯ ಹೇಳಿದೆ. "ಬೆಂಕಿ ರೋಗ ಇರಬೇಕು ಅಜ್ಜ, ಇದನ್ನು ಹೊಡೀರಿ" ಎಂದು ಒಂದು ಪೊಟ್ಟಣ ಕೊಟ್ಟರು. ಪೈರು ಚೇತರಿಸಿಕೊಳ್ಳಲಿ ಎಂದು ನಾನು ಯೂರಿಯಾವನ್ನೂ ಹೊತ್ತು ತಂದೆ.

ಏಳನೇ ತರಗತಿಯ ಮೊಮ್ಮಗಳು ತಡೆದಳು. "ಅಜ್ಜಾ, ಎಲೆ ನೋಡದೆ ಔಷಧಿ ಕೊಟ್ರಾ? ಮೊದಲು ರೈತ ಸಂಪರ್ಕ ಕೇಂದ್ರದ ಮೇಡಂಗೆ ಫೋಟೋ ಕಳಿಸೋಣ." ಬದುವಿನ ಮೇಲೆ ನಿಂತು ಒಂದು ಫೋಟೋ ತೆಗೆದು ಕಳಿಸಿಯೂ ಬಿಟ್ಟಳು.

ಕೃಷಿ ಅಧಿಕಾರಿ ಮೇಡಂ ಫೋನ್ ಮಾಡಿ ನಕ್ಕರು. "ಇದರಲ್ಲಿ ಗದ್ದೆ ಕಾಣುತ್ತದೆ ಪುಟ್ಟಿ, ರೋಗ ಕಾಣುವುದಿಲ್ಲ. ಬೆಳಿಗ್ಗೆ ಬಿಸಿಲು ಏರುವ ಮೊದಲು ತೆಗಿ. ಇಡೀ ಗದ್ದೆಯದು ಒಂದು, ಒಂದು ಬುಡ ಪೂರ್ತಿ ಕಾಣುವಂಥದು ಒಂದು, ಆಮೇಲೆ ಒಂದೇ ಎಲೆಯನ್ನು ಬಿಳಿ ಕಾಗದದ ಮೇಲಿಟ್ಟು ಹತ್ತಿರದಿಂದ ಎರಡು. ಎಲೆ ಪೂರ್ತಿ ಒಣಗಿರಬಾರದು, ಅರ್ಧ ಹಸಿರು ಅರ್ಧ ಹಳದಿ ಇರಬೇಕು."

ಮರುದಿನ ಬೆಳಿಗ್ಗೆ ಹಾಗೆಯೇ ತೆಗೆದೆವು. ಕಾಗದದ ಮೇಲೆ ಎಲೆ ಇಟ್ಟಾಗ ನನಗೇ ಆಶ್ಚರ್ಯವಾಯಿತು. ಐವತ್ತು ವರ್ಷ ಗದ್ದೆ ಮಾಡಿದ್ದರೂ ಎಲೆಯನ್ನು ಹಾಗೆ ನೋಡಿರಲಿಲ್ಲ. ಬೆಂಕಿ ರೋಗವಾದರೆ ಎಲೆಯ ಮೇಲೆ ಕಣ್ಣಿನಾಕಾರದ ಚುಕ್ಕೆಗಳಿರುತ್ತವೆ. ಎರಡೂ ತುದಿ ಚೂಪು, ನಡುವೆ ಬೂದಿ ಬಣ್ಣ, ಸುತ್ತ ಕಂದು ಅಂಚು. ನಮ್ಮ ಎಲೆಯಲ್ಲಿ ಅಂಥ ಚುಕ್ಕೆ ಒಂದೂ ಇರಲಿಲ್ಲ. ತುದಿಯಿಂದ ಶುರುವಾದ ಹಳದಿ ಎರಡೂ ಅಂಚಿನಗುಂಟ ಅಲೆಯಂತೆ ಕೆಳಗಿಳಿದಿತ್ತು.

"ಇದು ದುಂಡಾಣು ಅಂಗಮಾರಿಯಂತೆ ಕಾಣುತ್ತದೆ" ಎಂದರು ಮೇಡಂ. "ಆದರೆ ಪೊಟ್ಯಾಷ್ ಕಡಿಮೆಯಾದರೂ ಎಲೆಯ ತುದಿ, ಅಂಚು ಹಳದಿಯಾಗುತ್ತದೆ. ಫೋಟೋದಲ್ಲಿ ಎರಡೂ ಒಂದೇ ಥರ ಕಾಣಬಹುದು. ಒಂದು ಲೋಟ ನೀರಿನಲ್ಲಿ ಪರೀಕ್ಷೆ ಮಾಡಿ."

ಎರಡು ಗಾಜಿನ ಲೋಟಗಳಲ್ಲಿ ತಿಳಿನೀರು ತುಂಬಿದೆವು. ರೋಗದ ಎಲೆಯಲ್ಲಿ ಹಳದಿಯೂ ಹಸಿರೂ ಸೇರುವ ಜಾಗದಿಂದ ಎರಡು ಬೆರಳಗಲದ ತುಂಡು ಕತ್ತರಿಸಿ ಒಂದಕ್ಕೆ ಹಾಕಿದೆವು. ಒಳ್ಳೆಯ ಎಲೆಯ ಅಷ್ಟೇ ದೊಡ್ಡ ತುಂಡನ್ನು ಇನ್ನೊಂದಕ್ಕೆ ಹಾಕಿದೆವು. ಲೋಟಗಳನ್ನು ಕಿಟಕಿಯ ಬೆಳಕಿಗೆ ಎದುರಾಗಿ ಅಲುಗಾಡದಂತೆ ಇಟ್ಟು ಕಾದೆವು. ಕೆಲವೇ ನಿಮಿಷಗಳಲ್ಲಿ ಮೊದಲನೆಯ ಲೋಟದಲ್ಲಿ ಎಲೆಯ ಕತ್ತರಿಸಿದ ತುದಿಯಿಂದ ಹೊಗೆಯೆಳೆಯಂತೆ ಏನೋ ಬಿಳಿಚಾಗಿ ಇಳಿಯತೊಡಗಿತು. "ಅಜ್ಜಾ, ಎಲೆ ಹಾಲು ಬಿಡ್ತಿದೆ!" ಎಂದು ಮೊಮ್ಮಗಳು ಕೂಗಿದಳು. ಅದು ಹಾಲಲ್ಲ, ಎಲೆಯ ನಾಳದಲ್ಲಿ ತುಂಬಿದ್ದ ಕೋಟಿಗಟ್ಟಲೆ ದುಂಡಾಣುಗಳು. ಇನ್ನೊಂದು ಲೋಟದ ನೀರು ತಿಳಿಯಾಗಿಯೇ ಇತ್ತು.

ಎದೆ ಝಲ್ಲೆಂದಿತು. ಬೆಂಕಿ ರೋಗ ಶಿಲೀಂಧ್ರದಿಂದ ಬರುವುದು, ಅದರ ಔಷಧಿಗೆ ದುಂಡಾಣು ಸಾಯುವುದಿಲ್ಲ. ಯೂರಿಯಾ ಹಾಕಿದರೆ ರೋಗ ಇನ್ನೂ ಹೆಚ್ಚುತ್ತದೆ. ನೀರಿನ ವಿಷಯವಂತೂ ತೀರಾ ತದ್ವಿರುದ್ಧ. ಬೆಂಕಿ ರೋಗಕ್ಕೆ ಗದ್ದೆ ಒಣಗಲು ಬಿಡಬಾರದು, ಅಂಗಮಾರಿಗೆ ನಿಂತ ನೀರನ್ನು ಬಸಿಯಬೇಕು.

ಆದರೆ ಬಸಿದ ನೀರು ಎಲ್ಲಿಗೆ ಹೋಗಬೇಕು? ನಮ್ಮ ಗದ್ದೆಯ ನೀರು ಹರಿಯುವುದು ತಮ್ಮನ ಗದ್ದೆಗೆ. ರೋಗವೂ ನೀರಿನ ಜೊತೆ ಅಲ್ಲಿಗೇ ಹೋಗುತ್ತಿತ್ತು. ಅಂದೇ ಅವನನ್ನು ಕರೆದು ವಿಷಯ ಹೇಳಿದೆ. ಇಬ್ಬರೂ ಸೇರಿ ಅವನ ಕಡೆಯ ಮಡೆಯನ್ನು ಮಣ್ಣು ಹಾಕಿ ಮುಚ್ಚಿ, ಪಕ್ಕದ ಬಸಿಗಾಲುವೆಗೆ ದಾರಿ ಮಾಡಿದೆವು. ಯೂರಿಯಾ ಮೂಟೆ ಅಟ್ಟ ಸೇರಿತು. ಎಲೆ ಒದ್ದೆಯಿರುವಾಗ ಯಾರೂ ಗದ್ದೆಗೆ ಇಳಿಯಲಿಲ್ಲ, ಯಾಕೆಂದರೆ ಕೈಕಾಲು, ಬಟ್ಟೆಗಳಿಗೆ ಅಂಟಿಯೂ ಈ ರೋಗ ಹರಡುತ್ತದೆ.

ಎರಡು ದಿನ ಬಿಟ್ಟು ಮೇಡಂ ಬಂದು ನೋಡಿದರು. "ಒಣಗಿದ ಎಲೆಯನ್ನು ಮತ್ತೆ ಹಸಿರು ಮಾಡುವ ಔಷಧಿ ಇಲ್ಲ. ಹರಡದಂತೆ ನೋಡಿಕೊಳ್ಳಿ, ಸಾಕು" ಎಂದರು. ಆಮೇಲೆ, "ನಾಟಿ ಮಾಡುವಾಗ ಸಸಿಯ ತುದಿ ಕತ್ತರಿಸಿದ್ದಿರಾ?" ಎಂದು ಕೇಳಿದರು. ನಾನು ತಲೆ ತಗ್ಗಿಸಿದೆ. ಅಗೆ ಉದ್ದ ಬೆಳೆದಿತ್ತೆಂದು ಕತ್ತರಿಸಿದ್ದೆ. ಆ ಗಾಯವೇ ದುಂಡಾಣುವಿಗೆ ಬಾಗಿಲಾಗುತ್ತದಂತೆ.

18 ಚೀಲ ಬರುತ್ತಿದ್ದ ಗದ್ದೆಯಲ್ಲಿ ಆ ವರ್ಷ 14 ಚೀಲ ಬಂತು. ತಮ್ಮನ ಗದ್ದೆಗೆ ರೋಗ ತಗಲಲಿಲ್ಲ. ಈ ವರ್ಷ ಅಗೆ ಉದ್ದವಾಗುವ ಮೊದಲೇ ಕಿತ್ತು, ತುದಿ ಕತ್ತರಿಸದೆ ನಾಟಿ ಮಾಡಿದ್ದೇವೆ. ಮೊಮ್ಮಗಳು ಆ ಎರಡು ಲೋಟಗಳನ್ನು ಅಡಿಗೆಮನೆಗೆ ಹಿಂದಿರುಗಿಸಿಲ್ಲ. ಕಿಟಕಿಯ ಮೇಲೇ ಇಟ್ಟುಕೊಂಡಿದ್ದಾಳೆ.