ತಲೆಬರಹದ ಹಣೆಬರಹ

ಮರಾಠಿ ಅದನ್ನು ‘ಮಥಳಾ’ ಎನ್ನುತ್ತದೆ, ಕನ್ನಡ ‘ತಲೆಬರಹ’ ಎನ್ನುತ್ತದೆ. ಎರಡು ನುಡಿಗಳೂ ಅದನ್ನು ತಲೆಯ ಮೇಲೆಯೇ ಕೂರಿಸಿವೆ. ಅದರ ಹಣೆಬರಹವನ್ನು ಹಿಂದೆ ಸಂಪಾದಕನ ಕಿವಿ ನಿರ್ಧರಿಸುತ್ತಿತ್ತು. ಇಂದು ಅಂತರಜಾಲದ ಪತ್ರಿಕೆಗಳಲ್ಲಿ ಓದುಗನ ಬೆರಳು ನಿರ್ಧರಿಸುತ್ತದೆ.

ಒಂದು ಊಹೆಯ ಲೆಕ್ಕ ನೋಡೋಣ. ಒಂದೇ ಲೇಖನಕ್ಕೆ ಎರಡು ತಲೆಬರಹಗಳಿವೆ. ಮೊದಲನೆಯದು ‘ಸೊಲ್ಲಾಪುರದ ಚಾದರದ ಇತಿಹಾಸ’. ಎರಡನೆಯದು ‘ಅಜ್ಜನ ಕಾಲದ ಚಾದರ ಇನ್ನೂ ಏಕೆ ಹರಿದಿಲ್ಲ?’. ಯಾರಿಗೆ ಯಾವುದು ಕಾಣಬೇಕೆಂಬುದನ್ನು ಗಣಕವು ಚೀಟಿ ಎತ್ತಿದಂತೆ ತೀರ್ಮಾನಿಸುತ್ತದೆ. ಒಂದನ್ನು ಬೆಳಿಗ್ಗೆ, ಇನ್ನೊಂದನ್ನು ಸಂಜೆ ತೋರಿಸಿದರೆ ತಲೆಬರಹದ ಬದಲು ಹೊತ್ತಿನ ಪರೀಕ್ಷೆ ನಡೆದೀತು. ತಲಾ 5,000 ಜನರಲ್ಲಿ ಮೊದಲನೆಯದನ್ನು 150 ಮಂದಿ, ಎರಡನೆಯದನ್ನು 175 ಮಂದಿ ಒತ್ತಿದರು ಎನ್ನೋಣ. ಪ್ರಶ್ನೆಯೇ ಗೆದ್ದಿತೆಂದು ಸಾರಬಹುದೇ?

ಆತುರ ಸಲ್ಲದು. ಒಂದೇ ತಲೆಬರಹವನ್ನು ಎರಡು ಗುಂಪುಗಳಿಗೆ ತೋರಿಸಿದರೂ ಎಣಿಕೆ ಸರಿಸಮವಾಗುವುದು ಅಪರೂಪ. ಆ ಸಹಜ ಏರುಪೇರನ್ನು ಅಳೆಯಲು ಸುಲಭದ ದಾರಿಯೊಂದಿದೆ. ಗುಂಪುಗಳು ಸಮವಾಗಿದ್ದು, ಒತ್ತಿದವರು ನೂರಕ್ಕೆ ಕೆಲವರೇ ಇದ್ದಾಗ, ಎರಡೂ ಎಣಿಕೆಗಳನ್ನು ಕೂಡಿಸಿ, ವರ್ಗಮೂಲ ತೆಗೆದು, ಇಮ್ಮಡಿಸಬೇಕು. ಇಲ್ಲಿ ಮೊತ್ತ 325, ವರ್ಗಮೂಲ ಸುಮಾರು 18, ಇಮ್ಮಡಿ 36. ಕಂಡ ವ್ಯತ್ಯಾಸ ಕೇವಲ 25. ಅದು ಅದೃಷ್ಟದ ಆಟವೂ ಆಗಿರಬಹುದು. ತಲಾ 20,000 ಜನರಿಗೆ ತೋರಿಸಿದಾಗ 600 ಮತ್ತು 700 ಬಂದರೆ ಪ್ರಮಾಣ ಬದಲಾಗಿಲ್ಲ. ಆದರೆ ವ್ಯತ್ಯಾಸ 100, ಮಿತಿ 72. ಈಗ ನಂಬಬಹುದು.

ಹಾಗೆಂದು ಗಳಿಗೆಗೊಮ್ಮೆ ಇಣುಕಿ, ಮೆಚ್ಚಿನ ತಲೆಬರಹ ಮುಂದಿದ್ದ ಕ್ಷಣದಲ್ಲೇ ಆಟ ನಿಲ್ಲಿಸಿದರೆ ಈ ಮಿತಿಗೆ ಅರ್ಥವಿಲ್ಲ. ಎಷ್ಟು ಜನರಿಗೆ ತೋರಿಸಬೇಕೆಂಬುದನ್ನು ಮೊದಲೇ ಗೊತ್ತುಮಾಡಿ, ಅಲ್ಲಿಯವರೆಗೆ ಕಾಯಬೇಕು.

ಇನ್ನೊಂದು ದೋಷ ಇನ್ನೂ ಮೌನವಾದದ್ದು. ಅಮೆರಿಕದ ಅಪ್‌ವರ್ದಿ ಎಂಬ ಜಾಲತಾಣ 2013ರಿಂದ 2015ರವರೆಗೆ ನಡೆಸಿದ ಇಂಥ 32,487 ಪ್ರಯೋಗಗಳ ಭಂಡಾರ ಸಂಶೋಧಕರಿಗೆ ತೆರೆದಿದೆ. ಅವುಗಳಲ್ಲಿ ಒಂದು ಭಾಗದ ಪ್ರಯೋಗಗಳಲ್ಲಿ ಚೀಟಿ ಎತ್ತುವ ಕ್ರಮವೇ ಕೆಟ್ಟಿತ್ತೆಂದು ಬಳಿಕ ತಿಳಿಯಿತು. ಇಂಥ ದೋಷವನ್ನು ಹಿಡಿಯಲು ಒತ್ತಿದವರಿಗಿಂತ ಮೊದಲು ನೋಡಿದವರನ್ನು ಎಣಿಸಬೇಕು. ಸಮಪಾಲು ಮಾಡಹೊರಟಾಗ 5,000 ಮತ್ತು 5,400 ಬಂದಿದ್ದರೆ, ಅದೇ ಲೆಕ್ಕದ ಮಿತಿ 204, ವ್ಯತ್ಯಾಸ 400. ಹಂಚಿಕೆಯೇ ಓರೆಯಾಗಿದೆ. ಆ ಫಲಿತಾಂಶವನ್ನು ತಿದ್ದುವ ಗೋಜಿಗೆ ಹೋಗದೆ ಕೈಬಿಡುವುದೇ ಲೇಸು.

ಇಷ್ಟೆಲ್ಲ ಸರಿಯಿದ್ದರೂ ಪರೀಕ್ಷೆ ಹೇಳುವುದು ಒಂದೇ ಮಾತು: ಆ ಓದುಗರು, ಆ ದಿನ, ಯಾವ ಬಾಗಿಲನ್ನು ಹೆಚ್ಚು ತಟ್ಟಿದರು ಎಂದು. ಒಳಹೊಕ್ಕವರು ಚಾದರದ ಕಥೆಯನ್ನು ಕೊನೆಯವರೆಗೆ ಓದಿದರೇ ಎಂಬುದನ್ನು ಬೇರೆಯಾಗಿಯೇ ಅಳೆಯಬೇಕು.