ಒಂದು ಚುಕ್ಕೆ ಹೆಚ್ಚಾದರೆ ಅಕ್ಷರವೇ ಬೇರೆ



ಬ್ರೈಲ್ ಲಿಪಿಯಲ್ಲಿ 'ಜ' ಅಕ್ಷರಕ್ಕೆ ಮೂರು ಚುಕ್ಕೆ: 2, 4, 5. ಅದರ ಎಡಮೇಲಿನ ಮೂಲೆಯಲ್ಲಿ ಒಂದು ಚುಕ್ಕೆ ಹೆಚ್ಚಾದರೆ ಅದು 'ಗ'. 'ಕ' ಅಕ್ಷರದ ಎರಡು ಚುಕ್ಕೆಗಳ ನಡುವೆ ಇನ್ನೊಂದು ಬಂದರೆ ಅದು 'ಲ'. ಚುಕ್ಕೆಯ ಎತ್ತರ ಸುಮಾರು ಅರ್ಧ ಮಿಲಿಮೀಟರ್ ಅಷ್ಟೇ. ತ್ರೀಡಿ ಪ್ರಿಂಟರಿನಲ್ಲಿ ಮಾಡಿದ ವಸ್ತುವಿನ ಮೈಮೇಲೆ ಏಳುವ ಗುಳ್ಳೆಗಳೂ ಹೆಚ್ಚುಕಡಿಮೆ ಅಷ್ಟೇ ಇರುತ್ತವೆ. ಹೂದಾನಿಯ ಮೇಲೆ ಗುಳ್ಳೆ ಬಂದರೆ ಅಂದ ಕೆಡುತ್ತದೆ. ಬ್ರೈಲ್ ಫಲಕದ ಮೇಲೆ ಬಂದರೆ ಓದೇ ತಪ್ಪುತ್ತದೆ.

ಕರಜಗಿಯಲ್ಲಿ ಮನೆ ಬಾಗಿಲಿಗೆ ಅಂಟಿಸುವ ಊರ ಹೆಸರಿನ ಬ್ರೈಲ್ ಫಲಕಗಳನ್ನು ನಾವು ಕೆಲವರು ಸೇರಿ ಪ್ರಿಂಟ್ ಮಾಡಿದೆವು. ಚುಕ್ಕೆಗಳು ನಯವಾಗಿ ಬರಲೆಂದು ಫಲಕವನ್ನು ನಿಲ್ಲಿಸಿ, ನಾಲ್ಕು ಫಲಕಗಳನ್ನು ಒಟ್ಟಿಗೆ ಇಟ್ಟಿದ್ದೆವು. ಒಂದೊಂದು ಪದರ 0.2 ಮಿಲಿಮೀಟರ್. ಬ್ರೈಲ್ ಓದಬಲ್ಲ ಅಜ್ಜ ಒಂದು ಫಲಕದ ಮೇಲೆ ಬೆರಳಾಡಿಸಿ, "ಇದು ಜ ಅಲ್ಲಪಾ, ಗ ಐತಿ. ಊರ ಹೆಸರೇ ಬದಲಾಗೇತಿ," ಅಂದರು.

ಗುಳ್ಳೆ ಯಾಕೆ ಬರುತ್ತದೆ ಅಂತ ತಿಳಿಯಲು ಮೆಹಂದಿ ಕೋನ್ ನೆನಪಿಸಿಕೊಳ್ಳಿ. ಒತ್ತುವುದನ್ನು ನಿಲ್ಲಿಸಿದರೂ ತುದಿಯಿಂದ ಇನ್ನಷ್ಟು ಮೆಹಂದಿ ಹೊರಬರುತ್ತದೆ, ಯಾಕೆಂದರೆ ಒಳಗಿನ ಒತ್ತಡ ತಕ್ಷಣ ಇಳಿಯುವುದಿಲ್ಲ. ಪ್ರಿಂಟರಿನ ನಾಜಲ್ ಕೂಡ ಹಾಗೆಯೇ. ಮೋಟಾರು ನಿಂತರೂ ಕರಗಿದ ಪ್ಲಾಸ್ಟಿಕ್ ಸ್ವಲ್ಪ ಹೊತ್ತು ಇಳಿಯುತ್ತಲೇ ಇರುತ್ತದೆ. ಪ್ರತಿ ಪದರದಲ್ಲೂ ಹೊರಗೋಡೆಯ ಸುತ್ತು ಎಲ್ಲಿ ಶುರುವಾಗಿ ಮುಗಿಯುತ್ತದೋ ಅಲ್ಲಿ ಈ ಹೆಚ್ಚುವರಿ ಪ್ಲಾಸ್ಟಿಕ್ ಗುಳ್ಳೆಯಾಗಿ ಕೂರುತ್ತದೆ. ನಾಜಲ್ ಒಂದು ಫಲಕದಿಂದ ಇನ್ನೊಂದಕ್ಕೆ ಖಾಲಿ ಹಾರುವಾಗಲೂ ತುದಿಯಲ್ಲಿ ಹನಿ ತೂಗುತ್ತದೆ. ತಲುಪಿದ ಗೋಡೆಗೆ ಅದು ಅಂಟಿಕೊಳ್ಳುತ್ತದೆ.

ಇವೆರಡರಲ್ಲಿ ಯಾವುದು ಅಂತ ಊಹಿಸಬೇಕಿಲ್ಲ, ಅಳೆಯಬಹುದು. ಅಜ್ಜ ತೋರಿಸಿದ ಗುಳ್ಳೆ ಬುಡದಿಂದ 15 ಮಿಲಿಮೀಟರ್ ಎತ್ತರದಲ್ಲಿತ್ತು. 15 ಅನ್ನು 0.2ರಿಂದ ಭಾಗಿಸಿದರೆ 75. ಕ್ಯೂರಾ ತಂತ್ರಾಂಶದ ಪ್ರಿವ್ಯೂನಲ್ಲಿ 75ನೇ ಪದರ ತೆರೆದು, ನಾಜಲ್ ಹಾರುವ ಗೆರೆಗಳು ಕಾಣುವಂತೆ ಮಾಡಿದೆವು. ಪಕ್ಕದ ಫಲಕದಿಂದ ಬಂದ ಗೆರೆ ಸರಿಯಾಗಿ 'ಜ' ಅಕ್ಷರದ ಎಡಮೇಲೆ ಮುಟ್ಟುತ್ತಿತ್ತು, ಆ ಪದರದ ಸುತ್ತು ಶುರುವಾಗುವುದೂ ಅಲ್ಲಿಯೇ. `Z Seam Alignment` ಎಂಬಲ್ಲಿ `Random` ಇತ್ತು. ಅಂದರೆ ಪ್ರತಿ ಪದರವೂ ತನಗೆ ಬೇಕಾದಲ್ಲಿ ಶುರುವಾಗುತ್ತಿತ್ತು.

ಅದನ್ನು `User Specified` ಮಾಡಿ, `Z Seam Position` ಅನ್ನು `Back` ಮಾಡಿದೆವು. ಈಗ ಎಲ್ಲ ಪದರಗಳ ಆರಂಭ ಫಲಕದ ಬೆನ್ನಿಗೆ ಹೋಯಿತು. ಹಾರಾಟ ತಪ್ಪಿಸಲು ಒಂದು ಸಲಕ್ಕೆ ಒಂದೇ ಫಲಕ ಇಟ್ಟೆವು.

ಉಳಿದದ್ದು ರಿಟ್ರಾಕ್ಷನ್, ಅಂದರೆ ಹಾರುವ ಮುಂಚೆ ತಂತಿಯನ್ನು ಹಿಂದಕ್ಕೆಳೆದು ಒತ್ತಡ ಇಳಿಸುವುದು. ಮೋಟಾರು ನಾಜಲ್ಲಿನ ಪಕ್ಕದಲ್ಲೇ ಇದ್ದರೆ 1 ಮಿಲಿಮೀಟರಿನ ಆಸುಪಾಸು ಸಾಕು. ಉದ್ದ ಕೊಳವೆಯ ಮೂಲಕ ತಂತಿ ಬರುವ ಯಂತ್ರಕ್ಕೆ 4ರಿಂದ 6 ಬೇಕಾಗುತ್ತದೆ, ಯಾಕೆಂದರೆ ಕೊಳವೆಯೊಳಗೆ ತಂತಿ ಸ್ವಲ್ಪ ಸಡಿಲವಾಗಿ ಆಡುತ್ತದೆ. ನಮ್ಮದು ಕೊಳವೆಯದು. `Retraction Distance` ಅನ್ನು 4ರಿಂದ ಅರ್ಧರ್ಧ ಮಿಲಿಮೀಟರ್ ಏರಿಸುತ್ತಾ 5ರಲ್ಲಿ ನಿಲ್ಲಿಸಿದೆವು. ಹೆಚ್ಚು ಎಳೆದಷ್ಟು ಒಳ್ಳೆಯದು ಅಂತಲ್ಲ. ಅತಿಯಾದರೆ ಮೆತ್ತಗಾದ ತಂತಿ ಮೇಲಿನ ತಣ್ಣನೆಯ ಭಾಗಕ್ಕೆ ಹೋಗಿ ಕಚ್ಚಿಕೊಳ್ಳುತ್ತದೆ. ಮತ್ತೆ ಶುರುವಾಗುವಾಗ ಮೊದಲು ಗೆರೆ ಖಾಲಿ ಬಿದ್ದಿದ್ದರೆ ಅದು ಅತಿಯಾದುದರ ಗುರುತು.

ಗುಳ್ಳೆ ಇರುವ ಜಾಗದಲ್ಲಿ ಆರಂಭವೂ ಇಲ್ಲ, ಹಾರುವ ಗೆರೆಯೂ ಇಲ್ಲ ಎಂದಾದರೆ ರಿಟ್ರಾಕ್ಷನ್ ಮುಟ್ಟಬೇಡಿ. ಕಿವಿಗೊಟ್ಟು ಕೇಳಿ. ನಾಜಲ್ ಚಟಚಟ ಎನ್ನುತ್ತಿದ್ದರೆ ತಂತಿ ತೇವ ಹೀರಿದೆ. ಒಳಗಿನ ನೀರು ಆವಿಯಾಗಿ ಸಿಡಿದು ಎಲ್ಲೆಂದರಲ್ಲಿ ಗುಳ್ಳೆ ಮಾಡುತ್ತದೆ. ಅದಕ್ಕೆ ಮದ್ದು ಒಣಗಿಸುವುದೇ. ಪಿಎಲ್‌ಎ ತಂತಿಗೆ 45ರಿಂದ 50 ಡಿಗ್ರಿಯಲ್ಲಿ ಕೆಲವು ತಾಸು ಸಾಕು.

ಬಂದ ಗುಳ್ಳೆಯನ್ನು ಮರಳು ಕಾಗದದಿಂದ ಉಜ್ಜಿ ತೆಗೆಯೋಣ ಅಂತ ಕೆಲವರು ಕೇಳುತ್ತಾರೆ. ಬ್ರೈಲ್ ಚುಕ್ಕೆಗಳ ನಡುವಿನ ಅಂತರ ಸುಮಾರು ಎರಡೂವರೆ ಮಿಲಿಮೀಟರ್. ಸುಳ್ಳು ಚುಕ್ಕೆ ಉಜ್ಜುವಾಗ ನಿಜವಾದದ್ದೂ ಸವೆಯುತ್ತದೆ. ಸುತ್ತು ಎಲ್ಲೋ ಒಂದು ಕಡೆ ಶುರುವಾಗಲೇಬೇಕು, ಆದ್ದರಿಂದ ಗುರುತನ್ನು ಪೂರ್ತಿ ಅಳಿಸಲಾಗದು. ಎಲ್ಲಿ ಬೀಳಬೇಕೆಂದು ಹೇಳಬಹುದು ಅಷ್ಟೇ. ಈಗ ಪ್ರತಿ ಫಲಕದ ಬೆನ್ನಿನ ಮೇಲೆ ಒರಟಾದ ಗೆರೆಯೊಂದಿದೆ. ಅದು ಬಾಗಿಲಿಗೆ ಅಂಟುವ ಬದಿ, ಅಲ್ಲಿ ಯಾರ ಬೆರಳೂ ಓದಲು ಹೋಗುವುದಿಲ್ಲ.